ಕ್ಲೇಮ್ ಫೈಲಿನಲ್ಲಿ ಏನೋ ತಾಳೆ ಆಗದಿದ್ದಾಗ: ಆರೋಪ ಹೊರಿಸದೆ ತನಿಖಾ ಘಟಕಕ್ಕೆ ಕಳಿಸುವುದು ಹೇಗೆ

ವಿಮಾ ಕಂಪನಿಗಳ ಕ್ಲೇಮ್ ವಿಭಾಗಕ್ಕೆ ಮೇಲಿನಿಂದ ಒಂದು ಮೆಮೊ ಬರುವುದುಂಟು. ಅದರ ತಿರುಳು ಇಷ್ಟೇ: ಮೋಸದ ಸುಳಿವು ಕಂಡ ಕ್ಲೇಮ್‌ಗಳನ್ನು ವಿಶೇಷ ತನಿಖಾ ಘಟಕಕ್ಕೆ ಕಳಿಸಿ, ಆದರೆ ಯಾರ ಮೇಲೂ ಆರೋಪ ಹೊರಿಸಬೇಡಿ. ಓದಿದವರಿಗೆ ಗೊಂದಲವಾಗುವುದು ಸಹಜ. ಅನುಮಾನವೇ ಇಲ್ಲದಿದ್ದರೆ ಕಳಿಸುವುದು ಯಾಕೆ? ಅನುಮಾನ ಪಟ್ಟು ಕಳಿಸಿದರೆ ಅದೇ ಆರೋಪ ಆಗುತ್ತದಲ್ವಾ?

ಮೆಮೊ ಈ ಗಂಟನ್ನು ಬಿಡಿಸಿ ಹೇಳದಿದ್ದರೆ ಎರಡರಲ್ಲಿ ಒಂದು ಆಗುತ್ತದೆ. ಕೆಲವರು "ಪಕ್ಕಾ ಗೊತ್ತಿಲ್ಲದೆ ಒಬ್ಬರ ಬಗ್ಗೆ ಸುಮ್ನೆ ಯಾಕೆ ಬರೆಯೋದು" ಎಂದು ಫೈಲ್ ಕಳಿಸುವುದೇ ಇಲ್ಲ. ಇನ್ನು ಕೆಲವರು ಪಕ್ಕಾ ಗೊತ್ತಾಯಿತು ಎಂದುಕೊಂಡು "ಇದು ಸುಳ್ಳು ಕ್ಲೇಮ್" ಎಂದೇ ಬರೆದುಬಿಡುತ್ತಾರೆ. ನೋಡಲು ಇವರದು ಬೇರೆ ಬೇರೆ ಸ್ವಭಾವ. ಆದರೆ ಇಬ್ಬರೂ ಎಡವುವುದು ಒಂದೇ ಕಡೆ. ಫೈಲ್ ಕಳಿಸುವುದು ಎಂದರೆ ತೀರ್ಪು ಕೊಡುವುದು ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರು ತೀರ್ಪು ಕೊಡಲು ಹೆದರುತ್ತಾರೆ, ಇನ್ನೊಬ್ಬರು ಹೆದರುವುದಿಲ್ಲ, ಅಷ್ಟೇ.

ಹೀಗೆ ಫೈಲನ್ನು ತನಿಖಾ ಘಟಕಕ್ಕೆ ಕಳಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ಅದು ಒಂದು ಪ್ರಶ್ನೆ. "ಈ ಎರಡು ಕಾಗದ ಒಂದಕ್ಕೊಂದು ಹೊಂದುತ್ತಿಲ್ಲ. ಯಾಕೆ ಅಂತ ನೋಡುವ ಅನುಕೂಲ ನನಗಿಲ್ಲ, ನಿಮಗಿದೆ. ನೋಡಿ ಹೇಳ್ತೀರಾ?" ಇಷ್ಟೇ ಅದರ ಅರ್ಥ. ಈ ಮಾತನ್ನು ಮೆಮೊ ಮೊದಲ ಸಾಲಿನಲ್ಲೇ ಹೇಳಬೇಕು. ಖಚಿತವಾದ ಮೇಲೆ ಕಳಿಸಿ ಎಂದು ಅದು ಕೇಳುತ್ತಿಲ್ಲ. ಖಚಿತ ಮಾಡಿಕೊಳ್ಳುವುದು ಕ್ಲೇಮ್ ಸಿಬ್ಬಂದಿಯ ಕೆಲಸವೇ ಅಲ್ಲ.

ಮೇಜಿನ ಮೇಲೆ ಕಾಣದ ಸಂಗತಿ

ಯಾಕೆ ಅಲ್ಲ ಅನ್ನುವುದಕ್ಕೆ ವಿಮಾ ವಂಚನೆ ಎಂದು ಯಾವುದನ್ನು ಕರೆಯುತ್ತಾರೆ ಅನ್ನುವುದನ್ನು ಸ್ವಲ್ಪ ನೋಡಬೇಕು. ದೇಶದಿಂದ ದೇಶಕ್ಕೆ ಕಾನೂನಿನ ಮಾತು ಬೇರೆ. ಆದರೂ ಸಾಮಾನ್ಯವಾಗಿ ನಾಲ್ಕು ಸಂಗತಿ ಒಟ್ಟಿಗೆ ಬೇಕಾಗುತ್ತದೆ. ಹೇಳಿದ್ದು ಸುಳ್ಳಾಗಿರಬೇಕು. ಸುಳ್ಳು ಎಂದು ಹೇಳಿದವರಿಗೆ ಗೊತ್ತಿರಬೇಕು. ಆ ಸುಳ್ಳು ಕ್ಲೇಮಿನ ನಿರ್ಧಾರಕ್ಕೆ ಸಂಬಂಧಪಟ್ಟದ್ದಾಗಿರಬೇಕು. ಸಲ್ಲದ ಲಾಭ ಪಡೆಯುವ ಉದ್ದೇಶ ಇರಬೇಕು.

ಕ್ಲೇಮ್ ನೋಡುವವರ ಮೇಜಿನ ಮೇಲೆ ಇದರಲ್ಲಿ ಯಾವುದು ಕಾಣುತ್ತದೆ? ಹೆಚ್ಚೆಂದರೆ ಮೊದಲನೆಯದರ ಅರ್ಧ. ಒಂದು ಮಾತು ಇನ್ನೊಂದು ಕಾಗದಕ್ಕೆ ಹೊಂದುತ್ತಿಲ್ಲ ಎನ್ನುವುದು ಕಾಣುತ್ತದೆ. ಎರಡರಲ್ಲಿ ಯಾವುದು ತಪ್ಪು ಎನ್ನುವುದು ಕಾಣುವುದಿಲ್ಲ. ತಪ್ಪು ಗೊತ್ತಿದ್ದೇ ಹೇಳಿದರಾ, ಮರೆತು ಹೇಳಿದರಾ, ಬೇರೆ ಯಾರೋ ಫಾರ್ಮ್ ತುಂಬಿಕೊಟ್ಟರಾ? ಫೈಲ್ ಎಷ್ಟು ಸಲ ತಿರುವಿಹಾಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಉದ್ದೇಶ ಎನ್ನುವುದು ಕಾಗದದ ಮೇಲೆ ಅಚ್ಚಾಗಿರುವುದಿಲ್ಲ.

ಸುಳ್ಳು ಹೇಳಿದ್ದು ಸಾಬೀತಾದರೂ ಕೂಡ ಕಥೆ ಮುಗಿಯದೇ ಇರಬಹುದು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2016ರಲ್ಲಿ ವರ್ಸ್‌ಲೂಟ್ ಡ್ರೆಜಿಂಗ್ ಎಂಬ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಸರಕು ಹಡಗಿನ ಎಂಜಿನ್ ಕೋಣೆಗೆ ನೀರು ನುಗ್ಗಿತ್ತು. ಕ್ಲೇಮ್ ಬೇಗ ಮುಗಿಯಲಿ ಎಂದು ಮಾಲೀಕರ ಕಡೆಯವರು ಎಚ್ಚರಿಕೆ ಗಂಟೆಯ ವಿಷಯದಲ್ಲಿ ಒಂದು ಸುಳ್ಳು ಸೇರಿಸಿದರು. ಗಂಟೆ ಬಾರಿಸಿತ್ತು, ಹವಾಮಾನ ಕೆಟ್ಟಿದ್ದರಿಂದ ಹಡಗು ಹೊಯ್ದಾಡಿ ಹಾಗಾಗಿದೆ ಎಂದುಕೊಂಡು ಸಿಬ್ಬಂದಿ ಗಮನ ಕೊಡಲಿಲ್ಲ ಎಂದು ಹೇಳಿದರು. ಆಮೇಲೆ ನೋಡಿದರೆ ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಅದಿಲ್ಲದೆಯೂ ಕ್ಲೇಮ್ ಸಲ್ಲುತ್ತಿತ್ತು. ಕೆಳಗಿನ ಕೋರ್ಟುಗಳು ಕ್ಲೇಮ್ ಪೂರ್ತಿ ಹೋಯಿತು ಎಂದಿದ್ದವು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ನಷ್ಟ ನಿಜ, ಸುಳ್ಳಿನಿಂದ ಕ್ಲೇಮಿನ ಹಕ್ಕಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದಾದರೆ ಅದೊಂದೇ ಕಾರಣಕ್ಕೆ ಹಣ ತಡೆಯುವಂತಿಲ್ಲ ಎಂದಿತು. ಒಬ್ಬ ನ್ಯಾಯಾಧೀಶರು ಇದಕ್ಕೆ ಭಿನ್ನಾಭಿಪ್ರಾಯ ಬರೆದರು. ಬೇರೆ ಕಡೆ ನಿಯಮ ಬೇರೆ ಇರಬಹುದು. ದೊಡ್ಡ ದೊಡ್ಡ ನ್ಯಾಯಾಧೀಶರೇ ಒಮ್ಮತಕ್ಕೆ ಬರಲಾಗದ ಪ್ರಶ್ನೆಗೆ ಕ್ಲೇಮ್ ಸಿಬ್ಬಂದಿ ಎರಡು ಸಾಲಿನ ಟಿಪ್ಪಣಿಯಲ್ಲಿ ಉತ್ತರ ಬರೆಯಬೇಕಿಲ್ಲ ಅನ್ನುವುದು ನನ್ನ ಮಾತು.

ಇನ್ನೊಂದು ವಿಷಯ ಬಹಳ ಸಲ ಮರೆತುಹೋಗುತ್ತದೆ. ಕಾಗದದಲ್ಲಿ ಮೋಸ ಇದ್ದರೂ ಅದನ್ನು ಮಾಡಿದವರು ಪಾಲಿಸಿದಾರರೇ ಆಗಿರಬೇಕಿಲ್ಲ. ಗ್ಯಾರೇಜಿನವರು ಬದಲಿಸದ ಭಾಗವನ್ನು ಬಿಲ್ಲಿಗೆ ಸೇರಿಸಿರಬಹುದು. ಚಿಕಿತ್ಸಾ ಕೇಂದ್ರ ಕೊಡದ ಚಿಕಿತ್ಸೆಗೆ ಬಿಲ್ ಹಾಕಿರಬಹುದು. ಏಜೆಂಟ್ ಅರ್ಜಿಯಲ್ಲಿ ತನಗೆ ತೋಚಿದ್ದನ್ನು ತುಂಬಿರಬಹುದು. ಆಗ ಗ್ರಾಹಕರೂ ಮೋಸ ಹೋದವರೇ. ಅವರತ್ತ ಬೆರಳು ತೋರಿಸಿದರೆ ನಿಜವಾಗಿ ಮಾಡಿದವರು ಆರಾಮಾಗಿ ಜಾರಿಕೊಳ್ಳುತ್ತಾರೆ.

ಒಂದು ಫೈಲ್ ತೆರೆದು ನೋಡೋಣ

ಮಾತು ಹೀಗೇ ಗಾಳಿಯಲ್ಲಿ ತೇಲುವುದು ಬೇಡ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮನೆಯ ಸಾಮಾನಿಗೆ ತೆಗೆದುಕೊಂಡ ಪಾಲಿಸಿ. ಶುರುವಾಗಿ 26 ದಿನಕ್ಕೆ ಕಳ್ಳತನದ ಕ್ಲೇಮ್ ಬಂದಿದೆ. ಹೋದ ಸಾಮಾನು ಆರು: ಒಂದು ಲ್ಯಾಪ್‌ಟಾಪ್, ಒಂದು ಕ್ಯಾಮೆರಾ, ಒಂದು ಟ್ಯಾಬ್ಲೆಟ್, ಎರಡು ಫೋನ್, ಒಂದು ಸ್ಪೀಕರ್. ಆರಕ್ಕೂ ಬಿಲ್ ಇದೆ. ಎಲ್ಲವೂ ಒಂದೇ ಅಂಗಡಿಯದು. ಪೊಲೀಸರಿಗೆ ದೂರು ಕೊಟ್ಟ ಪ್ರತಿಯೂ ಇದೆ.

ಫೈಲ್ ನೋಡುವ ಸಿಬ್ಬಂದಿ ಬಿಲ್‌ಗಳನ್ನು ಪಕ್ಕ ಪಕ್ಕ ಇಟ್ಟಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ತಾರೀಖುಗಳು 14 ತಿಂಗಳ ಉದ್ದಕ್ಕೂ ಹರಡಿವೆ. ಆದರೆ ಬಿಲ್ ನಂಬರ್‌ಗಳು 4417ರಿಂದ 4422ರವರೆಗೆ ಒಂದರ ಹಿಂದೆ ಒಂದು ಇವೆ. 14 ತಿಂಗಳಲ್ಲಿ ಆ ಅಂಗಡಿಗೆ ಬೇರೆ ಗಿರಾಕಿಯೇ ಬರಲಿಲ್ಲವಾ?

ಇನ್ನೂ ಮೂರು ಸಂಗತಿ ಇವೆ. ಮೊದಲ ದಿನದ ಫೋನ್ ಕರೆಯಲ್ಲಿ, ರಾತ್ರಿ 9ಕ್ಕೆ ಮನೆಗೆ ಬಂದಾಗ ಬಾಗಿಲು ಮುರಿದಿತ್ತು ಎಂದು ಹೇಳಿದ್ದಾರೆ. ಕ್ಲೇಮ್ ಫಾರ್ಮಿನಲ್ಲಿ ಮರುದಿನ ಬೆಳಗ್ಗೆ 7ಕ್ಕೆ ಎಂದಿದೆ. ಕಳುವಾಗುವ ಮೊದಲೇ ತೆಗೆದದ್ದು ಎಂದು ಕಳಿಸಿದ ಕ್ಯಾಮೆರಾದ ಫೋಟೋ ಫೈಲಿನ ತಾರೀಖು ಕಳ್ಳತನ ಆಗಿ ಎರಡು ದಿನದ ನಂತರದ್ದು. ಮತ್ತೆ, ಹಣ ಯಾವಾಗ ಬರುತ್ತದೆ ಎಂದು ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದ್ದಾರೆ.

ಹೀಗೆ ಸಾಲಾಗಿ ಓದಿದರೆ ಮನಸ್ಸು ತಾನಾಗಿಯೇ ಒಂದು ಕಥೆ ಹೆಣೆದುಬಿಡುತ್ತದೆ. ಅಲ್ಲೇ ಒಂದು ಗಳಿಗೆ ನಿಲ್ಲಬೇಕು. ಒಂದೊಂದನ್ನೂ ಎತ್ತಿಕೊಂಡು, ಮೋಸವಿಲ್ಲದೆಯೂ ಹೀಗೆ ಆಗಬಹುದಾ ಎಂದು ಕೇಳಿಕೊಳ್ಳಬೇಕು.

ಪಾಲಿಸಿ ಹೊಸದು. ಹೌದು, ಮೋಸ ಮಾಡುವವರು ಪಾಲಿಸಿ ತೆಗೆದ ಕೂಡಲೇ ಕ್ಲೇಮ್ ಹಾಕುವುದುಂಟು. ಹೊಸ ಮನೆಗೆ ಬಂದವರೂ ಆಗಲೇ ಪಾಲಿಸಿ ತೆಗೆಯುತ್ತಾರೆ. ಹೊಸ ಮನೆಯ ಬೀಗ, ಕಿಟಕಿಗಳ ಕೊರತೆ ಅವರಿಗೆ ಇನ್ನೂ ಗೊತ್ತಿರುವುದಿಲ್ಲ. ಬರೀ ಈ ಒಂದು ಕಾರಣಕ್ಕೆ ಫೈಲ್ ಕಳಿಸಿದರೆ ತನಿಖಾ ಘಟಕ ಪ್ರಾಮಾಣಿಕರ ಫೈಲುಗಳಲ್ಲೇ ಮುಳುಗಿಹೋಗುತ್ತದೆ.

ಹಣಕ್ಕೆ ಅವಸರ. ಸುಳಿವುಗಳ ಪಟ್ಟಿಗಳಲ್ಲಿ ಇದು ಇದ್ದೇ ಇರುತ್ತದೆ. ಕಡಿಮೆ ಹಣವಾದರೂ ಸರಿ, ಇವತ್ತೇ ಕೊಟ್ಟುಬಿಡಿ ಎಂದು ಒತ್ತಾಯಿಸಿದರೆ ಗಮನಿಸಬೇಕಾದದ್ದೇ. ಆದರೆ ದುಡಿಯುವ ಲ್ಯಾಪ್‌ಟಾಪೇ ಕಳೆದುಹೋದವರು ಇನ್ನೇನು ಮಾಡಿಯಾರು? ವಾರಕ್ಕೆ ಮೂರು ಫೋನ್ ಏನೂ ಜಾಸ್ತಿ ಅಲ್ಲ. ನಾನಾಗಿದ್ದರೆ ಇದನ್ನು ರೆಫರಲ್‌ನಲ್ಲಿ ಬರೆಯುವುದೇ ಇಲ್ಲ.

ಹೊತ್ತಿನ ವ್ಯತ್ಯಾಸ. ರಾತ್ರಿ 9ಕ್ಕೆ ನೋಡಿದ್ದು, ಬೆಳಗ್ಗೆ 7ಕ್ಕೆ ದೂರು ಕೊಟ್ಟಿದ್ದು ಇರಬಹುದು. ಫಾರ್ಮಿನಲ್ಲಿ "ಗಮನಕ್ಕೆ ಬಂದ ಸಮಯ" ಎಂದಿರುವಲ್ಲಿ ದೂರಿನ ಸಮಯ ಬರೆದಿರಬಹುದು. ಕರೆ ತೆಗೆದುಕೊಂಡವರೇ ತಪ್ಪಾಗಿ ಬರೆದುಕೊಂಡಿರಬಹುದು. ಕರೆ ರೆಕಾರ್ಡ್ ಆಗಿದ್ದರೆ ಮೊದಲು ಅದನ್ನು ಕೇಳಬೇಕು. ಇದು ಕ್ಲೇಮ್ ಸಿಬ್ಬಂದಿಯೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸ.

ಫೋಟೋ ತಾರೀಖು. ಇಲ್ಲಿ ತುಂಬಾ ಜನ ಎಡವುತ್ತಾರೆ. ಕಂಪ್ಯೂಟರಿನಲ್ಲಿ ಫೈಲಿನ ಪಕ್ಕ ಕಾಣುವ ತಾರೀಖು ಫೋಟೋ ತೆಗೆದ ತಾರೀಖೇ ಆಗಿರಬೇಕಿಲ್ಲ. ಫೈಲ್ ಸೇವ್ ಮಾಡಿದಾಗ, ಡೌನ್‌ಲೋಡ್ ಮಾಡಿದಾಗ ಅದು ಬದಲಾಗುತ್ತದೆ. ತೆಗೆದ ಸಮಯ ಫೋಟೋದ ಒಳಗೆ `DateTimeOriginal` ಎಂಬ ಜಾಗದಲ್ಲಿ ಇರುತ್ತದೆ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುವುದು ಮಾಮೂಲಿ. ಹಳೆಯ ಫೋಟೋವನ್ನು ಕ್ಲೇಮಿಗೆಂದು ಮನೆಯವರಿಂದ ತರಿಸಿಕೊಂಡು ಕಳಿಸಿದ್ದರೆ ಹೊಸ ತಾರೀಖು ಬಂದೇ ಬರುತ್ತದೆ. ಇನ್ನೊಂದು ಕಡೆ, ಒಳಗಿನ ತಾರೀಖನ್ನು ಬೇಕಾದಂತೆ ತಿದ್ದಲೂ ಬರುತ್ತದೆ. ಹಾಗಾಗಿ ಸರಿ ಎನ್ನುವುದಕ್ಕಾಗಲಿ ತಪ್ಪು ಎನ್ನುವುದಕ್ಕಾಗಲಿ ಇದೊಂದೇ ಸಾಲದು.

ಉಳಿದದ್ದು ಬಿಲ್ ನಂಬರ್. ಇದಕ್ಕೂ ಸರಳ ವಿವರಣೆ ಇರಬಹುದು. ಗ್ರಾಹಕರು ಅಂಗಡಿಗೆ ಹೋಗಿ ಹಳೆಯ ಖರೀದಿಗಳ ಪ್ರತಿ ಕೇಳಿದ್ದಾರೆ, ಅಂಗಡಿಯವರು ಆರನ್ನೂ ಒಟ್ಟಿಗೆ ಮುದ್ರಿಸುವಾಗ ಹೊಸ ನಂಬರ್ ಬಿದ್ದಿದೆ. ಆದರೆ ಈ ವಿವರಣೆ ನಿಜವಾ ಎಂದು ಫೈಲ್ ನೋಡಿ ಹೇಳಲಾಗುವುದಿಲ್ಲ. ಅಂಗಡಿಯ ಲೆಕ್ಕ ನೋಡಬೇಕು. ಅದಕ್ಕೆ ಅಧಿಕಾರ, ಸಮಯ, ಕೇಳುವ ಕ್ರಮ ಎಲ್ಲಾ ಬೇಕು. ಆ ಕೆಲಸಕ್ಕೆಂದೇ ತನಿಖಾ ಘಟಕ ಇರುವುದು.

ಹಾಗಾಗಿ ಈ ಫೈಲ್ ಕಳಿಸಬೇಕಾದದ್ದೇ. ಮುಖ್ಯವಾಗಿ ಬಿಲ್ ನಂಬರಿಗಾಗಿ, ಜೊತೆಗೆ ಸಮಯದ ವ್ಯತ್ಯಾಸಕ್ಕಾಗಿ. ಫೈಲಿನಲ್ಲಿ ಕಣ್ಣಿಗೆ ಕಾಣುವ, ಸಾಮಾನ್ಯ ಪರಿಶೀಲನೆಯಲ್ಲಿ ಬಗೆಹರಿಯದ ಹೊಂದಾಣಿಕೆಯ ಕೊರತೆ ಇದೆ, ಅದು ನಿರ್ಧಾರಕ್ಕೆ ಮುಖ್ಯವಾಗುತ್ತದೆ. ಕಳಿಸಲು ಇಷ್ಟು ಸಾಕು.

ಟಿಪ್ಪಣಿ ಬರೆಯುವಾಗ

ಇದೇ ಫೈಲಿಗೆ ಸಾಮಾನ್ಯವಾಗಿ ಬರುವ ಟಿಪ್ಪಣಿ ಹೀಗಿರುತ್ತದೆ:

"ಪಾಲಿಸಿದಾರರು ನಕಲಿ ಬಿಲ್ ಕೊಟ್ಟಿದ್ದಾರೆ. ಹೇಳಿಕೆ ಪದೇ ಪದೇ ಬದಲಾಯಿಸುತ್ತಿದ್ದಾರೆ. ಹಣಕ್ಕಾಗಿ ಒತ್ತಡ ಹಾಕುತ್ತಿದ್ದಾರೆ. ಮೋಸದ ಕ್ಲೇಮ್ ಎಂದು ಕಾಣುತ್ತದೆ, ತನಿಖೆ ಮಾಡಿ."

ಇದರಲ್ಲಿ ತನಿಖೆಗೆ ಉಪಯೋಗವಾಗುವ ಒಂದು ಮಾತೂ ಇಲ್ಲ. ಯಾವ ಬಿಲ್? ನಕಲಿ ಎಂದು ಹೇಳಿದ್ದು ಯಾವ ಆಧಾರದ ಮೇಲೆ? ಪದೇ ಪದೇ ಎಂದರೆ ಎಷ್ಟು ಸಲ? ನಿಜವಾಗಿ ಹೇಳಿಕೆ ಇರುವುದು ಎರಡೇ. ತೀರ್ಮಾನಗಳನ್ನು ಒಂದರ ಮೇಲೊಂದು ಪೇರಿಸಿ, ನೋಡಿದ್ದನ್ನೇ ಬಿಟ್ಟಿದ್ದಾರೆ.

ಅದನ್ನೇ ಹೀಗೆ ಬರೆಯಬಹುದು:

"ಆರು ಬಿಲ್‌ಗಳ ತಾರೀಖು 14 ತಿಂಗಳ ಅವಧಿಯಲ್ಲಿ ಇವೆ. ಬಿಲ್ ನಂಬರ್ 4417ರಿಂದ 4422, ಕ್ರಮವಾಗಿ. ಇವು ಮೂಲ ಬಿಲ್‌ಗಳೋ ಆಮೇಲೆ ಕೊಟ್ಟ ಪ್ರತಿಗಳೋ ಎಂದು ಬಿಲ್‌ಗಳ ಮೇಲೆ ಬರೆದಿಲ್ಲ. ಮೊದಲ ಕರೆಯಲ್ಲಿ ಕಳ್ಳತನ ಗಮನಕ್ಕೆ ಬಂದದ್ದು ರಾತ್ರಿ 9ಕ್ಕೆ ಎಂದಿದೆ, ರೆಕಾರ್ಡಿಂಗ್ ಕೇಳಿದ್ದೇನೆ. ಕ್ಲೇಮ್ ಫಾರ್ಮಿನ ಎರಡನೇ ಪುಟದಲ್ಲಿ ಬೆಳಗ್ಗೆ 7 ಎಂದಿದೆ. ಈ ವ್ಯತ್ಯಾಸದ ಬಗ್ಗೆ ಗ್ರಾಹಕರನ್ನು ಇನ್ನೂ ಕೇಳಿಲ್ಲ. ಕ್ಯಾಮೆರಾ ಫೋಟೋ ಮೆಸೇಜಿಂಗ್ ಆ್ಯಪ್ ಮೂಲಕ ಬಂದಿದೆ, ತೆಗೆದ ತಾರೀಖಿನ ಮಾಹಿತಿ ಅದರಲ್ಲಿಲ್ಲ. ಅಂಗಡಿಯನ್ನು ನಾವು ಸಂಪರ್ಕಿಸಿಲ್ಲ. ಬಿಲ್‌ಗಳನ್ನು ಅಂಗಡಿಯ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕೆಂದು ಕೋರಿಕೆ."

ಈ ಟಿಪ್ಪಣಿಯ ಒಂದೊಂದು ವಾಕ್ಯವನ್ನೂ ಫೈಲ್ ತೆರೆದು ತೋರಿಸಬಹುದು. "ಸುಳ್ಳು", "ನಕಲಿ", "ಮೋಸ" ಎಂಬ ಮಾತು ಎಲ್ಲೂ ಇಲ್ಲ. ಆದರೂ ಮುಂದಿನವರು ಏನು ಮಾಡಬೇಕು ಎನ್ನುವುದು ನೀಟಾಗಿ ಗೊತ್ತಾಗುತ್ತದೆ. "ಇನ್ನೂ ಕೇಳಿಲ್ಲ", "ಸಂಪರ್ಕಿಸಿಲ್ಲ" ಎಂಬ ಎರಡು ಸಾಲು ನನಗೆ ತುಂಬಾ ಬೇಕಾದವು. ಏನು ನೋಡಿದೆವು ಎನ್ನುವಷ್ಟೇ ಏನು ನೋಡಿಲ್ಲ ಎನ್ನುವುದೂ ತನಿಖೆಯವರಿಗೆ ಬೇಕು. ಇಲ್ಲದಿದ್ದರೆ ಅದೆಲ್ಲಾ ಆಗಿದೆ ಎಂದುಕೊಂಡು ಮುಂದೆ ಹೋಗುತ್ತಾರೆ.

ಇಷ್ಟು ಎಚ್ಚರ ಬರೀ ಸೌಜನ್ಯಕ್ಕಲ್ಲ. ಕ್ಲೇಮ್ ವಿಷಯ ಕೋರ್ಟಿಗೆ ಹೋದರೆ ಫೈಲಿನ ಟಿಪ್ಪಣಿಗಳು, ಈಮೇಲ್‌ಗಳು ಎದುರು ಕಡೆಯ ವಕೀಲರ ಕೈಗೆ ಸಿಗುವ ಸಾಧ್ಯತೆ ಇದ್ದೇ ಇರುತ್ತದೆ. ತನಿಖೆ ಶುರುವಾಗುವ ಮೊದಲೇ "ಮೋಸದ ಕ್ಲೇಮ್" ಎಂದು ಬರೆದಿದ್ದರೆ, ಕಂಪನಿ ಮೊದಲೇ ನಿರ್ಧಾರ ಮಾಡಿ ಆಮೇಲೆ ಕಾರಣ ಹುಡುಕಿತು ಎಂದು ವಾದಿಸುವುದು ಅವರಿಗೆ ಸಲೀಸು. ಆ ವಾದದಲ್ಲಿ ಹುರುಳೂ ಇರುತ್ತದೆ. ಇನ್ನು ಆ ಮಾತು ಹೊರಗಿನವರಿಗೆ ತಲುಪಿದರೆ, ಉದಾಹರಣೆಗೆ ಅಂಗಡಿಯವರ ಹತ್ತಿರ "ನಿಮ್ಮ ಗಿರಾಕಿ ನಕಲಿ ಬಿಲ್ ಕೊಟ್ಟಿದ್ದಾರೆ" ಎಂದರೆ, ಅದು ಮಾನಹಾನಿಯ ಪ್ರಶ್ನೆಯೂ ಆಗಬಹುದು. ಪ್ರಾಮಾಣಿಕ ಉದ್ದೇಶದಿಂದ, ದ್ವೇಷವಿಲ್ಲದೆ, ಸರಿಯಾದ ಜಾಗಕ್ಕೆ ಅನುಮಾನ ತಿಳಿಸಿದ ಸಿಬ್ಬಂದಿಗೆ ಅನೇಕ ಕಡೆ ಕಾನೂನೇ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಸಿಕ್ಕಸಿಕ್ಕವರ ಹತ್ತಿರ ಆಡಿದ ಮಾತಿಗೂ ಸಿಗುತ್ತದೆ ಎಂದುಕೊಳ್ಳಬಾರದು.

ಇದಕ್ಕಿಂತ ದೊಡ್ಡ ಅಪಾಯ ತನಿಖೆಯ ಒಳಗೇ ಇದೆ. ಟಿಪ್ಪಣಿಯಲ್ಲಿ "ನಕಲಿ ಬಿಲ್" ಎಂದು ಓದಿದ ಅಧಿಕಾರಿ ನಕಲಿಗೆ ಪುರಾವೆ ಹುಡುಕಲು ಹೊರಡುತ್ತಾರೆ. "ಮೂಲವೋ ಪ್ರತಿಯೋ ಗೊತ್ತಿಲ್ಲ" ಎಂದು ಓದಿದವರು ಎರಡನ್ನೂ ನೋಡುತ್ತಾರೆ. ಮೊದಲು ಕಿವಿಗೆ ಬಿದ್ದ ತೀರ್ಮಾನವನ್ನು ಮನಸ್ಸಿನಿಂದ ತೆಗೆದುಹಾಕುವುದು ಎಷ್ಟೇ ಅನುಭವ ಇದ್ದವರಿಗೂ ಕಷ್ಟ.

ಮೆಮೊ ಬರೆಯುವವರು ಇಂಥ ಎರಡು ಟಿಪ್ಪಣಿಗಳನ್ನು ಅಕ್ಕಪಕ್ಕ ಹಾಕಿದರೆ ಸಾಕು. "ವಸ್ತುನಿಷ್ಠವಾಗಿ ಬರೆಯಿರಿ" ಎಂಬ ಆದೇಶಕ್ಕಿಂತ ಅದು ಹತ್ತು ಪಟ್ಟು ಕೆಲಸ ಮಾಡುತ್ತದೆ. ಎಲ್ಲಿ ಬರೆಯಬೇಕು ಎನ್ನುವುದನ್ನೂ ಹೇಳಬೇಕು. ವಿವರವೆಲ್ಲಾ ರೆಫರಲ್ ಫಾರ್ಮಿನಲ್ಲಿ ಇರಲಿ. ಎಲ್ಲರೂ ತೆರೆದು ನೋಡುವ ಕ್ಲೇಮ್ ಫೈಲಿನಲ್ಲಿ "ಹೆಚ್ಚಿನ ಪರಿಶೀಲನೆಗೆ ಕಳಿಸಲಾಗಿದೆ" ಎಂಬ ಒಂದು ಸಾಲು, ಒಂದು ತಾರೀಖು ಸಾಕು. ಕ್ಯಾಂಟೀನಿನಲ್ಲಿ, ಗ್ರೂಪ್ ಚಾಟಿನಲ್ಲಿ ಈ ಮಾತು ಬರಲೇಬಾರದು.

ಯಾವುದು ಸುಳಿವೇ ಅಲ್ಲ

ಸುಳಿವುಗಳ ಪಟ್ಟಿ ಕೊಡುವ ಮೆಮೊ, ಯಾವುದನ್ನು ಸುಳಿವು ಎಂದು ಪರಿಗಣಿಸಬಾರದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಗ್ರಾಹಕರ ಧರ್ಮ, ಜನಾಂಗ, ಅವರು ಇರುವ ಬಡಾವಣೆ, ಮಾತಿನ ಧಾಟಿ, ಉದ್ಯೋಗ, ಬಡತನ ಇವು ಯಾವುವೂ ಸುಳಿವಲ್ಲ. "ಯಾಕೋ ಸರಿ ಅನ್ನಿಸಲಿಲ್ಲ" ಎನ್ನುವುದೂ ಸುಳಿವಲ್ಲ. ಹಾಗನ್ನಿಸಿದರೆ ಫೈಲಿನಲ್ಲಿ ಏನನ್ನು ನೋಡಿ ಹಾಗನ್ನಿಸಿತು ಎಂದು ಹುಡುಕಬೇಕು. ಸಿಕ್ಕಿದರೆ ಅದನ್ನೇ ಬರೆಯಬೇಕು. ಸಿಗದಿದ್ದರೆ ಬರೆಯಲು ಏನೂ ಇಲ್ಲ ಎಂದರ್ಥ.

ಮಾತಾಡುವಾಗ ತಡವರಿಸಿದರು, ಕಣ್ಣು ತಪ್ಪಿಸಿದರು, ಸಿಟ್ಟಾದರು ಎಂಬುದಕ್ಕೂ ನಾನು ಬೆಲೆ ಕೊಡುವುದಿಲ್ಲ. ಮನೆಗೆ ಕಳ್ಳರು ನುಗ್ಗಿ ಹೋದವರು ತಡವರಿಸದೆ ಇರುತ್ತಾರಾ? ಇದಕ್ಕೆ ತಿರುಗುಮುರುಗಾದ ಅನ್ಯಾಯವೂ ನಡೆಯುತ್ತದೆ. ವಿಮೆಯ ಭಾಷೆ ಚೆನ್ನಾಗಿ ಬಲ್ಲವರು, ಎಲ್ಲಾ ಕಾಗದ ಜೋಡಿಸಿಟ್ಟವರು ಎಂದರೂ ಅನುಮಾನಿಸುತ್ತಾರೆ. ಕಾಗದ ಇಲ್ಲದಿದ್ದರೂ ಅನುಮಾನ, ಇದ್ದರೂ ಅನುಮಾನ ಎಂದಾದರೆ ಗ್ರಾಹಕರು ಏನು ತಾನೇ ಮಾಡಬೇಕು?

ಗ್ರಾಹಕರಿಗೆ ಏನು ಹೇಳುವುದು

ಕಷ್ಟದ ಭಾಗ ಇದು. ಫೈಲ್ ಕಳಿಸಿದ ಮರುದಿನವೇ ಫೋನ್ ಬರುತ್ತದೆ. ಆಗ ಎರಡು ತಪ್ಪಿಗೆ ಜಾಗ ಇದೆ. ಒಂದು, "ನಿಮ್ಮ ಬಿಲ್ ಮೇಲೆ ಅನುಮಾನ ಇದೆ, ತನಿಖೆಗೆ ಹೋಗಿದೆ" ಎನ್ನುವುದು. ಅದು ಆರೋಪವೂ ಆಯಿತು, ತನಿಖೆಗೆ ಮೊದಲೇ ಸುದ್ದಿ ಕೊಟ್ಟಂತೆಯೂ ಆಯಿತು. ಇನ್ನೊಂದು, "ಸಿಸ್ಟಮ್ ಸರಿ ಇಲ್ಲ", "ಮ್ಯಾನೇಜರ್ ರಜೆಯಲ್ಲಿದ್ದಾರೆ" ಎಂದು ಸುಳ್ಳು ಹೇಳಿ ಜಾರಿಕೊಳ್ಳುವುದು. ಗ್ರಾಹಕರ ಪ್ರಾಮಾಣಿಕತೆಯನ್ನು ಪರಿಶೀಲಿಸುತ್ತಾ ನಾವೇ ಸುಳ್ಳು ಹೇಳುವುದು ಸರಿಯಲ್ಲ. ಮುಂದೆ ಅದೇ ನಮಗೆ ತಿರುಗುಬಾಣವೂ ಆಗುತ್ತದೆ.

ನಿಜವಾದದ್ದನ್ನೇ, ಬೇಕಾದಷ್ಟೇ ಹೇಳಬಹುದು. "ನಿಮ್ಮ ಕ್ಲೇಮಿಗೆ ಇನ್ನೂ ಸ್ವಲ್ಪ ಪರಿಶೀಲನೆ ಬೇಕಾಗಿದೆ. ಬಿಲ್‌ಗಳ ವಿವರ ನೋಡುತ್ತಿದ್ದೇವೆ. ನಿಮ್ಮಿಂದ ಏನಾದರೂ ಬೇಕಾದರೆ ಬರೆದು ಕೇಳುತ್ತೇವೆ. ಇಂಥ ತಾರೀಖಿನ ಒಳಗೆ ಎಲ್ಲಿಗೆ ಬಂತು ಎಂದು ನಾವೇ ತಿಳಿಸುತ್ತೇವೆ." ಕ್ಲೇಮ್ ತನಿಖೆಯಲ್ಲಿದೆಯಾ ಎಂದು ಅವರು ನೇರವಾಗಿ ಕೇಳಿದರೆ ಇಲ್ಲ ಎನ್ನಬಾರದು. ಆ ಪ್ರಶ್ನೆಗೆ ಯಾರು ಹೇಗೆ ಉತ್ತರ ಕೊಡಬೇಕು ಎಂದು ಮೆಮೊದಲ್ಲೇ ಬರೆದಿರಬೇಕು. ಫೋನ್ ಹಿಡಿದವರು ಆ ಹೊತ್ತಿನಲ್ಲಿ ಮಾತು ಹುಡುಕುವಂತೆ ಆಗಬಾರದು.

ಸಮಯದ ವ್ಯತ್ಯಾಸದ ಬಗ್ಗೆ ಗ್ರಾಹಕರನ್ನು ಕ್ಲೇಮ್ ಸಿಬ್ಬಂದಿ ಕೇಳಬಹುದಾ? ಫೈಲ್ ಕಳಿಸುವ ಮೊದಲು ಧಾರಾಳವಾಗಿ ಕೇಳಬಹುದು. ಅದು ಮಾಮೂಲಿ ಕೆಲಸ. "ಕರೆಯಲ್ಲಿ ರಾತ್ರಿ 9 ಎಂದು ಬರೆದುಕೊಂಡಿದ್ದೇವೆ, ಫಾರ್ಮಿನಲ್ಲಿ ಬೆಳಗ್ಗೆ 7 ಎಂದಿದೆ. ಯಾವುದು ಸರಿ ಎಂದು ಸ್ವಲ್ಪ ತಿಳಿಸ್ತೀರಾ?" ಎಂದರೆ ಯಾರಿಗೂ ನೋವಾಗುವುದಿಲ್ಲ. ಕಳಿಸಿದ ಮೇಲೆ ಮಾತ್ರ ತನಿಖಾ ಘಟಕವನ್ನು ಕೇಳಿಕೊಂಡೇ ಮುಂದುವರಿಯಬೇಕು. ಇಬ್ಬರು ಎರಡು ಕಡೆಯಿಂದ ಬೇರೆ ಬೇರೆ ಪ್ರಶ್ನೆ ಕೇಳಿದರೆ ಗ್ರಾಹಕರಿಗೂ ಕಿರಿಕಿರಿ, ಸಿಗುವ ಉತ್ತರವೂ ಕಲಸುಮೇಲೋಗರ.

ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಕ್ಲೇಮ್ ಸ್ವೀಕರಿಸಿದ್ದಕ್ಕೆ ಉತ್ತರ ಕೊಡಲು, ನಿರ್ಧಾರ ತಿಳಿಸಲು ಕಾನೂನೋ ಪಾಲಿಸಿಯೋ ಗಡುವು ಹಾಕಿದ್ದರೆ, ಫೈಲ್ ಕಳಿಸಿದ ಮಾತ್ರಕ್ಕೆ ಅದು ತಾನಾಗಿಯೇ ಮುಂದೆ ಹೋಗುತ್ತದೆ ಎಂದುಕೊಳ್ಳಬಾರದು. ಹೆಚ್ಚು ಸಮಯ ಬೇಕಿದ್ದರೆ ಕಾರಣ ಕೊಟ್ಟು ಗಡುವಿನ ಒಳಗೇ ಬರೆದು ತಿಳಿಸಬೇಕು. ತಕರಾರೇ ಇಲ್ಲದ ಭಾಗ ಇದ್ದರೆ, ಉದಾಹರಣೆಗೆ ಮುರಿದ ಬಾಗಿಲಿನ ರಿಪೇರಿ, ಅದನ್ನು ಮೊದಲೇ ಕೊಡಬಹುದಾ ಎಂದು ತನಿಖಾ ಘಟಕವನ್ನು ಮತ್ತು ಕಾನೂನು ವಿಭಾಗವನ್ನು ಕೇಳಬೇಕು. ಬೇಡದ ಕಾಗದ ಕೇಳಿ ಕೇಳಿ ಗ್ರಾಹಕರೇ ಬೇಸತ್ತು ಕೈಬಿಡಲಿ ಎಂದು ಕಾಯುವುದು ತನಿಖೆಯಲ್ಲ. ಅದು ಕಂಪನಿ ಮಾಡುವ ಅನ್ಯಾಯ.

ಫೈಲ್ ವಾಪಸ್ ಬಂದಾಗ

ನಮ್ಮ ಉದಾಹರಣೆಗೆ ಬರೋಣ. ತನಿಖಾ ಘಟಕ ಅಂಗಡಿಯ ಲೆಕ್ಕ ನೋಡಿತು. ಆರೂ ಖರೀದಿ ನಿಜ, ತಾರೀಖುಗಳೂ ಹೊಂದುತ್ತವೆ. ಕಳ್ಳತನದ ನಂತರ ಗ್ರಾಹಕರು ಪ್ರತಿ ಕೇಳಿದ್ದರು. ಒಂದೇ ದಿನ ಮುದ್ರಿಸಿದ್ದರಿಂದ ನಂಬರ್‌ಗಳು ಸಾಲಾಗಿ ಬಿದ್ದಿದ್ದವು. ಫೈಲಿನಲ್ಲಿ ಅತಿ ದೊಡ್ಡದಾಗಿ ಕಂಡ ಸುಳಿವು ಅಲ್ಲಿಗೆ ಕರಗಿತು. ಮೊದಲ ಟಿಪ್ಪಣಿ ಬರೆದಿದ್ದರೆ "ನಕಲಿ ಬಿಲ್" ಎಂಬ ಮಾತು ಈಗ ಫೈಲಿನಲ್ಲಿ ಕಂಪನಿಯ ವಿರುದ್ಧವೇ ನಿಂತಿರುತ್ತಿತ್ತು.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಟ್ಯಾಬ್ಲೆಟ್ ಕೊಂಡ ಎರಡು ವಾರಕ್ಕೆ ಅದನ್ನು ವಾಪಸ್ ಕೊಟ್ಟು ಹಣ ಪಡೆದಿದ್ದರು. ಕೇಳಿದಾಗ ಗ್ರಾಹಕರು, ಅದು ಹಿಡಿಸಲಿಲ್ಲ, ಆಮೇಲೆ ಬೇರೆ ಕಡೆ ಇನ್ನೊಂದು ಟ್ಯಾಬ್ಲೆಟ್ ಕೊಂಡೆವು, ಹೋಗಿದ್ದು ಅದು, ಬಿಲ್ ಕೇಳುವಾಗ ಇದೇ ಸಿಕ್ಕಿತು ಎಂದರು. ಎರಡನೆಯ ಟ್ಯಾಬ್ಲೆಟ್ಟಿನ ಬಿಲ್, ಪೆಟ್ಟಿಗೆ, ಪಾವತಿಯ ದಾಖಲೆ ಯಾವುದೂ ಸಿಗಲಿಲ್ಲ. ಸಮಯದ ವ್ಯತ್ಯಾಸ ಸುಲಭವಾಗಿ ಬಗೆಹರಿಯಿತು. 7 ಗಂಟೆ ಎನ್ನುವುದು ದೂರು ಕೊಟ್ಟ ಸಮಯ.

ಈಗೇನು? ಟ್ಯಾಬ್ಲೆಟ್ ಸುಳ್ಳು ಎಂದು ಹೇಳಲು ಪುರಾವೆ ಇಲ್ಲ. ಇತ್ತು ಎಂದು ಹೇಳಲೂ ಪುರಾವೆ ಇಲ್ಲ. ಇಂಥ ಮಧ್ಯದ ಜಾಗ ಕ್ಲೇಮ್ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಇಲ್ಲಿ ಕಂಪನಿ ಐದು ಸಾಮಾನಿಗೆ ಹಣ ಕೊಟ್ಟಿತು. ಆರನೆಯದಕ್ಕೆ, ಅದು ಮನೆಯಲ್ಲಿ ಇತ್ತು ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ, ಸಿಕ್ಕರೆ ಮತ್ತೆ ನೋಡುತ್ತೇವೆ ಎಂದು ಪತ್ರ ಬರೆಯಿತು. ಈ ನಿರ್ಧಾರ ಒಪ್ಪಿಗೆಯಾಗದಿದ್ದರೆ ದೂರು ಎಲ್ಲಿ ಸಲ್ಲಿಸಬಹುದು ಎಂದೂ ಅದರಲ್ಲಿ ಇತ್ತು. ನಷ್ಟ ಸಾಬೀತಾಗಿಲ್ಲ ಎನ್ನುವುದು ಬೇರೆ, ಮೋಸ ಸಾಬೀತಾಗಿದೆ ಎನ್ನುವುದು ಬೇರೆ. ಮೋಸ ಎಂದು ಹೇಳಬೇಕಾದರೆ ಅದನ್ನು ಸಾಬೀತು ಮಾಡುವ ಹೊರೆ ಕಂಪನಿಯ ಮೇಲೇ ಬೀಳುತ್ತದೆ. ಆ ಹೊರೆ ಹೊರಲು ಇಲ್ಲಿ ಏನೂ ಇರಲಿಲ್ಲ.

ಫೈಲ್ ಕಳಿಸಿದ ಸಿಬ್ಬಂದಿಗೆ ಈ ಫಲಿತಾಂಶ ತಿಳಿಯಬೇಕು. ತಿಳಿಸದಿದ್ದರೆ, ಕಳಿಸಿದ್ದೆಲ್ಲಾ ಎಲ್ಲಿ ಹೋಗುತ್ತದೋ ಎಂದು ನಿಧಾನವಾಗಿ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಬಿಲ್ ನಂಬರ್ ಸಾಲಾಗಿರುವುದಕ್ಕೆ ಕಾರಣ ಪ್ರತಿ ಮುದ್ರಣ ಎಂದು ಗೊತ್ತಾದರೆ, ಮುಂದಿನ ಸಲ ಅವರು ಫೈಲ್ ಕಳಿಸುವ ಮೊದಲೇ "ಇವು ಮೂಲವಾ, ಪ್ರತಿಯಾ" ಎಂದು ಗ್ರಾಹಕರನ್ನು ಕೇಳುತ್ತಾರೆ. ಅರ್ಧಕ್ಕರ್ಧ ಅನುಮಾನ ಅಲ್ಲೇ ಮುಗಿಯಬಹುದು. ಏನೂ ಸಿಗದೆ ಮುಚ್ಚಿದ ರೆಫರಲ್ ತಪ್ಪಲ್ಲ ಎಂದೂ ಮೆಮೊ ಹೇಳಬೇಕು. ಸಿಬ್ಬಂದಿಯ ಕೆಲಸವನ್ನು ಎಷ್ಟು ಕ್ಲೇಮ್ ತಿರಸ್ಕಾರವಾಯಿತು ಎಂಬುದರ ಮೇಲೆ ಅಳೆದರೆ, ಈ ಮೆಮೊದಲ್ಲಿ ಬರೆದದ್ದಕ್ಕೆಲ್ಲಾ ಬೆಲೆಯೇ ಉಳಿಯುವುದಿಲ್ಲ.

ಕೊನೆಗೆ ಗ್ರಾಹಕರ ದಾಖಲೆ. ತನಿಖೆ ಮುಗಿದ ಮೇಲೂ "ಹಿಂದೆ ತನಿಖೆಗೆ ಹೋಗಿತ್ತು" ಎಂಬ ಗುರುತು ಅವರ ಹೆಸರಿಗೆ ಅಂಟಿಕೊಂಡಿದ್ದರೆ, ಮುಂದಿನ ಕ್ಲೇಮ್ ನೋಡುವವರು ಅದನ್ನೇ ಹೊಸ ಸುಳಿವು ಎಂದು ಓದುತ್ತಾರೆ. ಒಂದು ರೆಫರಲ್ ಇನ್ನೊಂದಕ್ಕೆ ಕಾರಣವಾಗುತ್ತದೆ, ಅದು ಮತ್ತೊಂದಕ್ಕೆ. ಆದ್ದರಿಂದ ಫಲಿತಾಂಶವನ್ನೂ ಅದೇ ಜಾಗದಲ್ಲಿ ಬರೆಯಬೇಕು: ಪರಿಶೀಲನೆ ಮುಗಿದಿದೆ, ಬಿಲ್‌ಗಳು ಅಂಗಡಿಯ ಲೆಕ್ಕಕ್ಕೆ ಹೊಂದಿವೆ, ಮೋಸ ಕಂಡುಬಂದಿಲ್ಲ. ಆ ಗುರುತು ಎಷ್ಟು ದಿನ ಉಳಿಯುತ್ತದೆ, ಯಾರು ನೋಡಬಹುದು, ಯಾರು ತೆಗೆಯುತ್ತಾರೆ ಎನ್ನುವುದಕ್ಕೆ ಮೆಮೊದಲ್ಲಿ ಒಬ್ಬರ ಹುದ್ದೆಯ ಹೆಸರು ಬರೆದಿರಬೇಕು. ಯಾರ ಹೊಣೆ ಎಂದು ಬರೆಯದಿದ್ದರೆ ಅದನ್ನು ಯಾರೂ ತೆಗೆಯುವುದಿಲ್ಲ.